ಬೆಲೆ ಇಳಿದ ದಿನವೇ ಅರೂನ್ ಅಪ್ ಏರಿದ್ದು ಹೇಗೆ?

ಪ್ರಶ್ನೆ: "ನಾನು ಚಿಂಚವಾಡದ ಕಾರ್ಖಾನೆಯೊಂದರಿಂದ ನಿವೃತ್ತನಾದವನು. ಸ್ವಲ್ಪ ಹಣ ಇಟ್ಟುಕೊಂಡು ಷೇರು ವ್ಯವಹಾರ ಮಾಡುತ್ತೇನೆ, ಚಾರ್ಟಿನಲ್ಲಿ 25 ದಿನಗಳ ಅರೂನ್ ಸೂಚಕ ನೋಡುತ್ತೇನೆ. ಈಚೆಗೆ ಒಂದು ಷೇರಿನಲ್ಲಿ ಐದು ದಿನ ಸೊನ್ನೆಯಲ್ಲಿದ್ದ ಅರೂನ್ ಅಪ್ ಒಂದೇ ದಿನದಲ್ಲಿ 52ಕ್ಕೆ ಏರಿತು. ಡೌನ್ 28ರಲ್ಲಿತ್ತು. ಆ ದಿನ ಷೇರು ಇಳಿದಿತ್ತು, ಆದರೂ ಅಪ್ ಗೆರೆ ಡೌನ್ ಗೆರೆಯನ್ನು ದಾಟಿತಲ್ಲ ಎಂದು ಮರುದಿನ ಬೆಳಿಗ್ಗೆ 480 ರೂಪಾಯಿಯಂತೆ 200 ಷೇರು ಕೊಂಡೆ. ಎರಡು ದಿನ ಬಿಟ್ಟು 466ಕ್ಕೆ ಮಾರಬೇಕಾಯಿತು. ಅಳಿಯನ ಮೊಬೈಲಿನಲ್ಲಿ ಅದೇ ದಿನ ಅಪ್ 14, ಡೌನ್ 100 ಎಂದಿತ್ತು. ಅವನದು 14 ದಿನಗಳದ್ದು. ನನ್ನ ಆ್ಯಪ್ ಕೆಟ್ಟಿದೆಯೇ, ಅಥವಾ ನಾನೂ 14ಕ್ಕೆ ಬದಲಾಯಿಸಬೇಕೇ? ಫಲಿತಾಂಶ ಬಂದ ದಿನದಿಂದ ಈಚಿನ ದಿನವಾರು ಬೆಲೆಗಳ ಪಟ್ಟಿ ಕಳಿಸಿದ್ದೇನೆ."
— ಒಬ್ಬ ಓದುಗರು, ಪುಣೆ

ಉತ್ತರ:

ನಿಮ್ಮ ಆ್ಯಪ್ ಕೆಟ್ಟಿಲ್ಲ, ನಿಮ್ಮ ಅಳಿಯಂದಿರದೂ ಕೆಟ್ಟಿಲ್ಲ. ನೀವು ಕಳಿಸಿದ ಪಟ್ಟಿಯನ್ನು ಹಾಳೆಯ ಮೇಲೆ ಹಾಕಿ ಕೈಯಿಂದಲೇ ಲೆಕ್ಕ ಮಾಡಿ ನೋಡಿದೆ. 52, 28, 14, 100 ಈ ನಾಲ್ಕೂ ಅಂಕಿಗಳು ಸರಿಯಾಗಿಯೇ ಬರುತ್ತವೆ. ಅಂಕಿಗಳು ಸರಿಯಿದ್ದೂ ವ್ಯವಹಾರ ಕೆಟ್ಟದ್ದು ಏಕೆಂದರೆ, ಅಪ್ ಗೆರೆ ಏರಿದರೆ ಷೇರಿಗೆ ಬಲ ಬಂದಿದೆ ಎಂದು ನೀವು ಓದಿಕೊಂಡಿರಿ. ಆ ಗೆರೆ ಎರಡು ಬೇರೆ ಬೇರೆ ಕಾರಣಗಳಿಂದ ಏರಬಲ್ಲದು. ಆ ಎರಡರಲ್ಲಿ ಒಂದು ಕಾರಣಕ್ಕೆ ಆ ದಿನದ ಬೆಲೆಯೊಡನೆ ಯಾವ ಸಂಬಂಧವೂ ಇರುವುದಿಲ್ಲ. ಮುಂಬಯಿಯ ದಲ್ಲಾಳಿ ಕಚೇರಿಗಳಲ್ಲಿ ಚಾರ್ಟ್ ನೋಡುತ್ತಲೇ ಕೆಲಸ ಮಾಡಿದ ನನಗೆ ಅರೂನ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಮೊದಲು ಈ ಗೆರೆಗಳು ಏನನ್ನು ಅಳೆಯುತ್ತವೆ ಎಂಬುದನ್ನು ನೋಡೋಣ. ತುಷಾರ್ ಚಾಂದೆ ಅವರು 1995ರಲ್ಲಿ ರೂಪಿಸಿದ ಈ ಸೂಚಕ, ಬೆಲೆ ಎಷ್ಟು ಏರಿತು ಎಂದು ಕೇಳುವುದೇ ಇಲ್ಲ. ಕಳೆದ 25 ದಿನಗಳಲ್ಲಿ ಅತಿ ಎತ್ತರದ ಬೆಲೆ ಬಂದು ಎಷ್ಟು ದಿನವಾಯಿತು ಎಂಬುದಷ್ಟೇ ಅದರ ಪ್ರಶ್ನೆ. ಆ ದಿನಗಳ ಸಂಖ್ಯೆಯನ್ನು 25ರಿಂದ ಕಳೆದು, ಉಳಿದದ್ದನ್ನು 25ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಅರೂನ್ ಅಪ್ ಸಿಗುತ್ತದೆ. ಗರಿಷ್ಠ ಬೆಲೆ ಇಂದೇ ಬಂದಿದ್ದರೆ 100, ನಿನ್ನೆ ಬಂದಿದ್ದರೆ 96, ಮೊನ್ನೆ ಬಂದಿದ್ದರೆ 92. ಹೀಗೆ ಹೊಸ ಎತ್ತರ ಬರದೆ ಕಳೆದ ಪ್ರತಿಯೊಂದು ದಿನಕ್ಕೂ ಗೆರೆ ಸರಿಯಾಗಿ ನಾಲ್ಕು ಅಂಶ ಇಳಿಯುತ್ತದೆ, ಇಪ್ಪತ್ತೈದನೆಯ ದಿನ ಸೊನ್ನೆ ಮುಟ್ಟುತ್ತದೆ. ಅರೂನ್ ಡೌನ್ ಇದೇ ಲೆಕ್ಕವನ್ನು ಕನಿಷ್ಠ ಬೆಲೆಗೆ ಮಾಡುತ್ತದೆ. ಹೊಸ ಎತ್ತರ ಹಳೆಯದಕ್ಕಿಂತ ಐದು ಪೈಸೆ ಹೆಚ್ಚಿದ್ದರೂ 100, ಐವತ್ತು ರೂಪಾಯಿ ಹೆಚ್ಚಿದ್ದರೂ 100. ಹಾಗೆಯೇ ಗೆರೆ ದಿನಕ್ಕೆ ನಾಲ್ಕರಂತೆ ಇಳಿಯುತ್ತಿದೆ ಎಂದರೆ ಷೇರು ಕುಸಿಯುತ್ತಿದೆ ಎಂದಲ್ಲ, ದಿನಗಳು ಕಳೆಯುತ್ತಿವೆ ಎಂದು ಮಾತ್ರ.

ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಇಂದಿನ ದಿನವೂ ಸೇರಿ, ಅದರ ಹಿಂದಿನ 25 ದಿನಗಳೂ ಸೇರಿದರೆ ಲೆಕ್ಕಕ್ಕೆ ಬರುವುದು 26 ದಿನಗಳ ಚೌಕಟ್ಟು. ಪ್ರತಿದಿನ ಸಂಜೆ ಒಂದು ಹೊಸ ದಿನ ಈ ಚೌಕಟ್ಟಿನೊಳಗೆ ಬರುತ್ತದೆ, ಅತಿ ಹಳೆಯ ಒಂದು ದಿನ ಹೊರಗೆ ಹೋಗುತ್ತದೆ. ನಾವೆಲ್ಲರೂ ಒಳಗೆ ಬಂದ ದಿನವನ್ನೇ ನೋಡುತ್ತೇವೆ, ಹೊರಗೆ ಹೋದದ್ದನ್ನು ಯಾರೂ ನೋಡುವುದಿಲ್ಲ. ದಗಡೂಶೇಠ ಗಣಪತಿಯ ದರ್ಶನಕ್ಕೆ ನಿಂತ 26 ಜನರ ಸಾಲನ್ನು ಊಹಿಸಿಕೊಳ್ಳಿ. ಸಾಲಿನ ತುದಿಯಲ್ಲಿದ್ದ ಅತಿ ಎತ್ತರದ ಮನುಷ್ಯ ದರ್ಶನ ಮುಗಿಸಿ ಹೊರಟುಹೋದರೆ, ನಡುವೆ ಎಲ್ಲೋ ನಿಂತಿದ್ದ ಇನ್ನೊಬ್ಬ ಆ ಕ್ಷಣಕ್ಕೆ ಸಾಲಿನಲ್ಲೇ ಎತ್ತರದವನಾಗುತ್ತಾನೆ. ಅವನು ಒಂದು ಅಂಗುಲವೂ ಬೆಳೆದಿರುವುದಿಲ್ಲ. ನಿಮ್ಮ ಷೇರಿನಲ್ಲಿ ಆದದ್ದು ಇದೇ.

ಈಗ ನಿಮ್ಮ ಪಟ್ಟಿಗೆ ಬರೋಣ. ತ್ರೈಮಾಸಿಕ ಫಲಿತಾಂಶ ಬಂದ ದಿನವನ್ನು ಒಂದನೆಯ ದಿನ ಎಂದು ಇಟ್ಟುಕೊಳ್ಳುತ್ತೇನೆ. ಆ ದಿನ ಷೇರು ನೆಗೆದು 540 ಮುಟ್ಟಿತು. ಆಮೇಲಿನ ದಿನಗಳ ಗರಿಷ್ಠ ಬೆಲೆಗಳು ಕ್ರಮವಾಗಿ 531, 519, 508, 499, ಆರನೆಯ ದಿನ 493. ಇಳಿಕೆ ಹಾಗೆಯೇ ಮುಂದುವರಿದು ಹದಿಮೂರನೆಯ ದಿನ 468ರ ಕನಿಷ್ಠ ಬೆಲೆ ಬಂತು. ಅಲ್ಲಿಂದ ಸ್ವಲ್ಪ ಚೇತರಿಸಿಕೊಂಡ ಷೇರು ಹತ್ತೊಂಬತ್ತನೆಯ ದಿನ 496ರವರೆಗೆ ಏರಿ, ಮತ್ತೆ ನಿಧಾನವಾಗಿ ಇಳಿಯತೊಡಗಿತು. ಗೆರೆ ದಾಟಿತೆಂದು ನೀವು ಹೇಳುವ ದಿನ ಈ ಎಣಿಕೆಯಲ್ಲಿ ಮೂವತ್ತೊಂದನೆಯದು. ಆ ದಿನ ಷೇರು 476ರವರೆಗೆ ಇಳಿದು 479ಕ್ಕೆ ಮುಗಿಯಿತು.

ಇಪ್ಪತ್ತಾರನೆಯ ದಿನ ಅರೂನ್ ಅಪ್ ಸೊನ್ನೆ ಮುಟ್ಟಿತು, ಏಕೆಂದರೆ 540ರ ದಿನ ಆಗ ಸರಿಯಾಗಿ 25 ದಿನ ಹಿಂದಿತ್ತು. ಇಪ್ಪತ್ತೇಳನೆಯ ದಿನ ಆ 540 ಚೌಕಟ್ಟಿನಿಂದ ಹೊರಬಿತ್ತು. ಆದರೂ ಗೆರೆ ಏಳಲಿಲ್ಲ, ಏಕೆಂದರೆ ಉಳಿದವುಗಳಲ್ಲಿ ಎತ್ತರದ್ದಾದ ಎರಡನೆಯ ದಿನದ 531 ಕೂಡ ಅಷ್ಟು ಹೊತ್ತಿಗೆ 25 ದಿನ ಹಳೆಯದಾಗಿತ್ತು. ಅದರ ಮರುದಿನ 519ರ ಸರದಿ, ಆಮೇಲೆ 508ರದು, ಮೂವತ್ತನೆಯ ದಿನ 499ರದು. ಐದು ದಿನ ಗೆರೆ ಸೊನ್ನೆಯಲ್ಲೇ ಅಂಟಿಕೊಂಡದ್ದು ಈ ಕಾರಣದಿಂದ. ಮೂವತ್ತೊಂದನೆಯ ದಿನ 499 ಕೂಡ ಹೊರಗೆ ಹೋಯಿತು. ಈಗ ಚೌಕಟ್ಟಿನ ಮೊದಲ ದಿನ ಆರನೆಯದು, ಅದರ ಬೆಲೆ 493. ಅದಕ್ಕಿಂತ ಎತ್ತರದ 496 ಹತ್ತೊಂಬತ್ತನೆಯ ದಿನ ಬಂದಿದೆ, ಅಂದರೆ 12 ದಿನ ಹಿಂದೆ. 25ರಲ್ಲಿ 12 ಕಳೆದರೆ 13, ಅದನ್ನು 25ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 52. ಡೌನ್ ಗೆರೆ ಮಾತ್ರ ತನ್ನ ಪಾಡಿಗೆ ದಿನಕ್ಕೆ ನಾಲ್ಕರಂತೆ ಇಳಿಯುತ್ತಿತ್ತು. 468ರ ದಿನ 18 ದಿನ ಹಿಂದಾದ್ದರಿಂದ ಅದು 28.

ಆ ದಿನದ ವಹಿವಾಟಿನಲ್ಲಿ ಷೇರು ಹತ್ತು ರೂಪಾಯಿ ಏರಿದ್ದರೂ, ಹತ್ತು ರೂಪಾಯಿ ಇಳಿದಿದ್ದರೂ ಅಪ್ ಗೆರೆ ಅದೇ 52ನ್ನೇ ತೋರಿಸುತ್ತಿತ್ತು. ಆ ದಿನ ಯಾವ ಹೊತ್ತಿನಲ್ಲಾದರೂ ಬೆಲೆ 496ನ್ನು ದಾಟಿದ್ದರೆ ಮಾತ್ರ ಬೇರೆ ಅಂಕಿ ಬರುತ್ತಿತ್ತು, ಆಗ ಅದು 100 ಆಗುತ್ತಿತ್ತು. ಅಷ್ಟೇ ಅಲ್ಲ, ಮಧ್ಯೆ ಹೊಸ ಎತ್ತರವೊಂದು ಬರದಿದ್ದರೆ ಮೂವತ್ತೊಂದನೆಯ ದಿನ ಗೆರೆ ನೆಗೆಯುತ್ತದೆ ಎಂಬುದನ್ನು ಇಪ್ಪತ್ತನೆಯ ದಿನವೇ ಕ್ಯಾಲೆಂಡರ್ ನೋಡಿ ಹೇಳಬಹುದಿತ್ತು.

ಹಾಗಾದರೆ ಅಪ್ ಗೆರೆ ಡೌನ್ ಗೆರೆಯ ಮೇಲಿದೆ ಎಂಬ ಮಾತಿಗೆ ಅರ್ಥವೇ ಇಲ್ಲವೇ? ಇದೆ, ಆದರೆ ಜನ ತಿಳಿದುಕೊಂಡದ್ದಕ್ಕಿಂತ ಬಹಳ ಸಣ್ಣ ಅರ್ಥ. ಚೌಕಟ್ಟಿನೊಳಗೆ ಕನಿಷ್ಠ ಬೆಲೆ ಮೊದಲು ಬಂತು, ಗರಿಷ್ಠ ಬೆಲೆ ಆಮೇಲೆ ಬಂತು ಎಂಬುದಷ್ಟೇ ಅದರ ಅರ್ಥ. ನಿಮ್ಮ ಷೇರಿನಲ್ಲಿ 468 ಹದಿಮೂರನೆಯ ದಿನ, 496 ಹತ್ತೊಂಬತ್ತನೆಯ ದಿನ. ಕ್ರಮ ಸರಿಯಾಗಿಯೇ ಇದೆ. ಆದರೆ ಇದು ಹತ್ತೊಂಬತ್ತನೆಯ ದಿನವೇ ನಿಜವಾಗಿತ್ತು. ಫಲಿತಾಂಶದ ದಿನದ ನೆಗೆತ ಅದನ್ನು ಅಷ್ಟು ದಿನ ಮರೆಮಾಡಿತ್ತು, ಆ ನೆಗೆತದ ಬಾಲವೂ ಚೌಕಟ್ಟಿನಿಂದ ಹೊರಗೆ ಹೋದ ಮೇಲೆ ಹನ್ನೆರಡು ದಿನ ಹಳೆಯ ಸುದ್ದಿ ಹೊಸ ಸೂಚನೆಯ ವೇಷದಲ್ಲಿ ನಿಮ್ಮ ಮುಂದೆ ಬಂತು. 52 ಎಂಬ ಅಂಕಿಯಲ್ಲೇ ಆ ಹನ್ನೆರಡು ದಿನ ಅಡಗಿದೆ. 100ರಿಂದ 52 ಕಳೆದು ನಾಲ್ಕರಿಂದ ಭಾಗಿಸಿದರೆ ಸುದ್ದಿ ಎಷ್ಟು ದಿನ ಹಳೆಯದು ಎಂಬುದು ಹೊರಬರುತ್ತದೆ.

ಇನ್ನು ಎರಡೂ ಬಗೆಯ ಏರಿಕೆಯನ್ನು ಬೇರ್ಪಡಿಸುವುದು ಹೇಗೆ ಎಂಬ ಮಾತು. ಇದಕ್ಕೆ ಬೇರೆ ಸೂಚಕ ಬೇಕಾಗಿಲ್ಲ, ಗೆರೆ ಎಲ್ಲಿಂದ ಎದ್ದಿತು, ಎಲ್ಲಿಗೆ ಹೋಯಿತು ಎಂದು ನೋಡಿದರೆ ಸಾಕು. ಹಳೆಯ ಗರಿಷ್ಠ ಬೆಲೆ ಚೌಕಟ್ಟಿನಿಂದ ಹೊರಬೀಳುವ ಹಿಂದಿನ ದಿನ ಅದು ಸರಿಯಾಗಿ 25 ದಿನ ಹಳೆಯದಾಗಿರಲೇಬೇಕು, ಅಂದರೆ ಗೆರೆ ಸೊನ್ನೆಯಲ್ಲಿರಲೇಬೇಕು. ಆದ್ದರಿಂದ ಹೊರಬಿದ್ದ ದಿನದಿಂದ ಹುಟ್ಟಿದ ನೆಗೆತ ಯಾವಾಗಲೂ ಸೊನ್ನೆಯಿಂದಲೇ ಆರಂಭವಾಗುತ್ತದೆ. ಗೆರೆ ಸೊನ್ನೆಗಿಂತ ಮೇಲೆ, ಉದಾಹರಣೆಗೆ 36ರಲ್ಲಿ ಇದ್ದು ಅಲ್ಲಿಂದ ಏರಿದರೆ, ಅದು ನೇರವಾಗಿ 100ಕ್ಕೇ ಹೋಗಬೇಕು, ಮಧ್ಯದ ಬೇರೆ ಯಾವ ಅಂಕಿಯೂ ಸಾಧ್ಯವಿಲ್ಲ. ಅದರ ಅರ್ಥ ಬೆಲೆ ನಿಜವಾಗಿಯೂ ನಿಂತಿದ್ದ ಎತ್ತರವನ್ನು ದಾಟಿದೆ. ಸೊನ್ನೆಯಿಂದ ಎದ್ದು 24, 52, 88 ಹೀಗೆ ನಡುವಿನ ಯಾವುದೋ ಅಂಕಿಗೆ ಹೋಗಿ ನಿಂತರೆ ಅದು ಪೂರ್ತಿಯಾಗಿ ಚೌಕಟ್ಟಿನ ಕೆಲಸ, ಬೆಲೆಯದಲ್ಲ. ಸೊನ್ನೆಯಿಂದ ನೇರ 100ಕ್ಕೆ ಹೋದರೆ ಮಾತ್ರ ಚಾರ್ಟಿನ ಎಡಗಡೆಗೆ ಕಣ್ಣು ಹಾಯಿಸಿ, ಈಗಷ್ಟೇ ಹೊರಬಿದ್ದ ಎತ್ತರವನ್ನು ಬೆಲೆ ದಾಟಿದೆಯೋ, ಅಥವಾ ಅದು ಹೋದದ್ದರಿಂದ ಮಾತ್ರ ಇಂದಿನ ಬೆಲೆ ಮೊದಲ ಸ್ಥಾನಕ್ಕೆ ಬಂದಿದೆಯೋ ಎಂದು ನೋಡಿಕೊಳ್ಳಬೇಕು.

ಇದರ ಜೊತೆಗೆ ಇನ್ನೊಂದು ಸಂಗತಿ ತಾನಾಗಿಯೇ ಹೊರಡುತ್ತದೆ. ಎರಡೂ ಗೆರೆಗಳು ಇಳಿಯುವಾಗ ದಿನಕ್ಕೆ ಒಂದೇ ಸಮನಾಗಿ ನಾಲ್ಕು ಇಳಿಯುವುದರಿಂದ, ಇಳಿಯುತ್ತ ಇಳಿಯುತ್ತ ಅವು ಒಂದನ್ನೊಂದು ದಾಟಲಾರವು, ಸಮಾನಾಂತರವಾಗಿಯೇ ಹೋಗುತ್ತವೆ. ದಾಟಬೇಕಾದರೆ ಎರಡರಲ್ಲಿ ಒಂದು ನೆಗೆಯಲೇಬೇಕು. ಆದ್ದರಿಂದ ಪ್ರತಿಯೊಂದು ಕ್ರಾಸೋವರ್‌ಗೂ ಒಂದು ನೆಗೆತವಿರುತ್ತದೆ, ಪ್ರತಿಯೊಂದು ನೆಗೆತಕ್ಕೂ ಮೇಲೆ ಹೇಳಿದ ಪರೀಕ್ಷೆ ಮಾಡಬಹುದು. ಸಮಾನಾಂತರವಾಗಿ ಇಳಿಯುವ ಹೊತ್ತು ಷೇರು ಹೊಸ ಎತ್ತರವನ್ನೂ ಹೊಸ ಆಳವನ್ನೂ ಕಾಣದೆ ಒಂದೇ ಪಟ್ಟಿಯೊಳಗೆ ಓಡಾಡುತ್ತಿದೆ ಎಂದು ತಿಳಿಯಬೇಕು. ನನ್ನ ಅಭಿಪ್ರಾಯದಲ್ಲಿ ಅರೂನ್ ಹೇಳುವ ಅತ್ಯಂತ ನಂಬಬಹುದಾದ ಮಾತು ಇದೇ, ಮತ್ತು ಇದನ್ನೇ ಯಾರೂ ಬಳಸುವುದಿಲ್ಲ.

ಅಳಿಯಂದಿರ 14ರ ವಿಚಾರಕ್ಕೆ ಬರುತ್ತೇನೆ. ಮೂವತ್ತೊಂದನೆಯ ದಿನ ಅವರ ಪರದೆ ಹೇಳಿದ್ದು ನಿಮ್ಮದಕ್ಕಿಂತ ವಾಸ್ತವಕ್ಕೆ ಹತ್ತಿರವಾಗಿತ್ತು, ಅದನ್ನು ಒಪ್ಪಬೇಕು. ಅವರ ಚೌಕಟ್ಟು ಹದಿನೇಳನೆಯ ದಿನದಿಂದ ಆರಂಭವಾಗುತ್ತದೆ. ಅದರಲ್ಲಿ ಗರಿಷ್ಠ ಬೆಲೆ 12 ದಿನ ಹಿಂದಿನ 496, ಆದ್ದರಿಂದ ಅಪ್ 14. ಆ ದಿನದ 476 ಚೌಕಟ್ಟಿನಲ್ಲೇ ಕನಿಷ್ಠ, ಆದ್ದರಿಂದ ಡೌನ್ 100. ಗಮನಿಸಿ, 468ರ ಆಳ ಆಗ ಇನ್ನೂ ಮುರಿದಿರಲಿಲ್ಲ. ಅದು ಹದಿನಾಲ್ಕು ದಿನಗಳ ನೆನಪಿನಿಂದ ಹೊರಗೆ ಹೋಗಿತ್ತು ಅಷ್ಟೇ. ಆದರೂ ದಿಕ್ಕು ಸರಿಯಾಗಿತ್ತು.

ಆದರೆ ಅದೇ 14 ದಿನಗಳ ಗೆರೆ ಹನ್ನೊಂದು ದಿನ ಮೊದಲು ಏನು ಹೇಳಿತ್ತು ಎಂದು ಕೇಳಿ ನೋಡಿ. ಹತ್ತೊಂಬತ್ತನೆಯ ದಿನ ಆ ಚೌಕಟ್ಟು ಐದನೆಯ ದಿನದಿಂದ ಆರಂಭವಾಗುತ್ತಿತ್ತು. ಐದನೆಯ ದಿನದ 499 ಹೊಸ 496ಕ್ಕಿಂತ ಎತ್ತರದಲ್ಲಿದ್ದುದರಿಂದ ಅಪ್ ಸೊನ್ನೆಯಲ್ಲೇ ಇತ್ತು. ಇಪ್ಪತ್ತನೆಯ ದಿನ 499 ಹೊರಬಿತ್ತು. ಒಡನೆಯೇ ಹಿಂದಿನ ದಿನದ 496 ಮೊದಲ ಸ್ಥಾನಕ್ಕೆ ಬಂದು, ಅಪ್ ಸೊನ್ನೆಯಿಂದ 93ಕ್ಕೆ ನೆಗೆಯಿತು. ಡೌನ್ ಆಗ 50. ಅಂದರೆ ಚೇತರಿಕೆಯ ತುದಿ ಮುಟ್ಟಿ ಷೇರು ಕೆಳಗೆ ತಿರುಗಿದ ಮರುದಿನವೇ 14 ದಿನಗಳ ಅರೂನ್ ಕೊಳ್ಳಲು ಹೇಳಿತು, ಅದೂ 93 ಎಂಬ ಘನವಾದ ಅಂಕಿಯೊಡನೆ. ನಿಮ್ಮ ಪಟ್ಟಿಯ ಪ್ರಕಾರ ಆ ದಿನ ಷೇರು 489ಕ್ಕೆ ಮುಗಿದಿತ್ತು. ಅಳಿಯಂದಿರು ಆ ಸೂಚನೆಯನ್ನು ಹಿಡಿದು ಕೊಂಡಿದ್ದರೆ ನಿಮಗಿಂತ ಒಂಬತ್ತು ರೂಪಾಯಿ ಹೆಚ್ಚು ಕೊಟ್ಟಿರುತ್ತಿದ್ದರು. ಅವಧಿಯನ್ನು ಬದಲಾಯಿಸಿದರೆ ಈ ದೋಷ ಹೋಗುವುದಿಲ್ಲ, ಬೇರೆ ದಿನಕ್ಕೆ ಸರಿಯುತ್ತದೆ. ಮೇಲಾಗಿ ಅವಧಿ ಚಿಕ್ಕದಾದಷ್ಟೂ ಗೆರೆಗಳು ಹೆಚ್ಚು ಬಾರಿ ನೆಗೆಯುತ್ತವೆ. 14ರಲ್ಲಿ ಒಂದು ದಿನದ ಇಳಿಕೆಯೇ ಏಳಕ್ಕಿಂತ ಹೆಚ್ಚು ಅಂಶ.

ಒಂದು ನಷ್ಟದ ವ್ಯವಹಾರವನ್ನು ಮುಂದಿಟ್ಟುಕೊಂಡು, ಯಾವ ಅವಧಿ ಹಾಕಿದ್ದರೆ ಅದು ತಪ್ಪುತ್ತಿತ್ತು ಎಂದು ಹುಡುಕಿ ಅದಕ್ಕೇ ಬದಲಾಯಿಸಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬೀಳುವ ಬಲೆ. ಹಾಗೆ ಹುಡುಕಿದರೆ ಯಾವುದಾದರೂ ಅವಧಿ ಸಿಕ್ಕೇ ಸಿಗುತ್ತದೆ. ಮುಂದಿನ ಷೇರಿನಲ್ಲಿ ಅದು ಕೈಕೊಡುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹೇಳುವುದು, ಬೆಲೆಯಿಂದ ಹುಟ್ಟಿದ ನೆಗೆತವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅಂದರೆ ಬೆಲೆ ಹಳೆಯ ಎತ್ತರವನ್ನು ದಾಟಿ ಅಪ್ 100 ಮುಟ್ಟಿದ ದಿನ ಆದ ಕ್ರಾಸೋವರ್ ಸರಿ, ಉಳಿದವು ಬೇಡ. ನಿಮ್ಮ ಷೇರಿನಲ್ಲಿ ಇದಕ್ಕಾಗಿ 496 ದಾಟುವವರೆಗೆ ಕಾಯಬೇಕಿತ್ತು, ಅದು ದಾಟಲೇ ಇಲ್ಲ, ಆದ್ದರಿಂದ ನೀವು ಕೊಳ್ಳುತ್ತಲೇ ಇರಲಿಲ್ಲ. ಆದರೆ ಈ ದಾರಿಗೂ ಬೆಲೆ ತೆರಬೇಕಾಗುತ್ತದೆ. ಒಂದು ವೇಳೆ ದಾಟಿದ್ದರೆ ನೀವು 480ರ ಬದಲು 497ಕ್ಕೆ ಕೊಳ್ಳುತ್ತಿದ್ದಿರಿ. 468ರ ಆಳದ ಕೆಳಗೆ ಸ್ಟಾಪ್ ಲಾಸ್ ಇಡುವುದಾದರೆ ಒಂದು ಷೇರಿಗೆ ಸುಮಾರು 30 ರೂಪಾಯಿ ಅಪಾಯ. 480ಕ್ಕೆ ಕೊಂಡವರಿಗೆ ಅದು 13ರ ಆಸುಪಾಸು. ಇನ್ನೂರು ಷೇರಿನ ಮೇಲೆ ಒಂದು 6000 ರೂಪಾಯಿ, ಇನ್ನೊಂದು 2600. ತಡವಾಗಿ ಕೊಳ್ಳುವವರು ಷೇರಿನ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳದಿದ್ದರೆ, ಸುಳ್ಳು ಸೂಚನೆಗಳಿಂದ ಉಳಿಸಿದ್ದನ್ನು ನಿಜವಾದ ಸೂಚನೆಯೊಂದು ಕೈಕೊಟ್ಟಾಗ ಕಳೆದುಕೊಳ್ಳುತ್ತಾರೆ.

100ರ ಬಗ್ಗೆಯೂ ಒಂದು ಎಚ್ಚರ ಬೇಕು. ಗೆರೆ ನೋಡುವುದು ದಿನದ ಗರಿಷ್ಠ ಬೆಲೆಯನ್ನು, ಮುಕ್ತಾಯದ ಬೆಲೆಯನ್ನಲ್ಲ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮಾರುಕಟ್ಟೆ ತೆರೆದ ಕೂಡಲೇ ಬೆಲೆ ಒಮ್ಮೆ ಹಳೆಯ ಎತ್ತರವನ್ನು ದಾಟಿ ಅಪ್ 100 ಆದರೆ, ಆಮೇಲೆ ಷೇರು ಎಷ್ಟೇ ಕುಸಿದರೂ ಮೂರೂವರೆಯವರೆಗೆ ಆ 100 ಹಾಗೆಯೇ ಇರುತ್ತದೆ, ಏಕೆಂದರೆ ದಿನದ ಗರಿಷ್ಠ ಬೆಲೆ ಒಮ್ಮೆ ದಾಖಲಾದ ಮೇಲೆ ಇಳಿಯುವುದಿಲ್ಲ. ಆದ್ದರಿಂದ ಮುಕ್ತಾಯದ ಬೆಲೆಯೂ ಹಳೆಯ ಎತ್ತರದ ಮೇಲಿದೆಯೇ ಎಂದು ನೋಡಿಕೊಂಡು ಮರುದಿನ ಕೊಳ್ಳುವುದು ಒಳ್ಳೆಯದು.

ಎರಡನೆಯ ದಾರಿಯಾಗಿ, ಗೆರೆ 70ರ ಮೇಲೆ ಹೋದರೆ ಮಾತ್ರ ನಂಬಬೇಕೆಂದು ಹಲವರು ಹೇಳುತ್ತಾರೆ. 25 ದಿನಗಳ ಗೆರೆ 70ರ ಮೇಲಿದೆ ಎಂದರೆ ಎತ್ತರದ ಬೆಲೆ ಬಂದು ಏಳು ದಿನಕ್ಕಿಂತ ಹೆಚ್ಚಾಗಿಲ್ಲ ಎಂದರ್ಥ. ನಿಮ್ಮ 52ನ್ನು ಈ ನಿಯಮ ತಡೆಯುತ್ತಿತ್ತು ನಿಜ. ಆದರೆ ಅಳಿಯಂದಿರ 93ನ್ನು ತಡೆಯುತ್ತಿರಲಿಲ್ಲ. ಹಳೆಯ ಸುದ್ದಿಯನ್ನು ಇದು ಸೋಸುತ್ತದೆ, ಚೌಕಟ್ಟಿನಿಂದ ಹುಟ್ಟಿದ ಸುದ್ದಿಯನ್ನು ಸೋಸುವುದಿಲ್ಲ. ಎರಡು ಗೆರೆಗಳ ವ್ಯತ್ಯಾಸವನ್ನೇ ಒಂದು ಗೆರೆಯಾಗಿ ತೋರಿಸುವ ಅರೂನ್ ಆಸಿಲೇಟರ್ ಇನ್ನೂ ಕಷ್ಟ. ಅದರಲ್ಲಿ ನಿಮ್ಮ ಷೇರು ಒಂದೇ ದಿನ ಮೈನಸ್ 32ರಿಂದ ಪ್ಲಸ್ 24ಕ್ಕೆ ಬಂದಂತೆ ಕಾಣುತ್ತಿತ್ತು, ಆದರೆ ಯಾವ ಗೆರೆ ನೆಗೆಯಿತು, ಸೊನ್ನೆಯಿಂದಲೋ ಬೇರೆ ಕಡೆಯಿಂದಲೋ ಎಂಬ ನಮಗೆ ಬೇಕಾದ ವಿವರವೇ ಅದರಲ್ಲಿ ಮುಚ್ಚಿಹೋಗುತ್ತದೆ.

ಮೂರನೆಯದು, ಕೊಳ್ಳುವ ಮಾರುವ ಸೂಚನೆಗೆ ಅರೂನನ್ನು ಬಳಸುವುದನ್ನೇ ಬಿಟ್ಟು, ಷೇರು ಓಟದಲ್ಲಿದೆಯೋ ನಿಂತ ಜಾಗದಲ್ಲೇ ಓಡಾಡುತ್ತಿದೆಯೋ ಎಂದು ತಿಳಿಯಲು ಮಾತ್ರ ಇಟ್ಟುಕೊಳ್ಳುವುದು. ನಾನು ಈಗ ಮಾಡುವುದು ಹೆಚ್ಚಾಗಿ ಇಷ್ಟೇ. ಎರಡೂ ಗೆರೆಗಳು 50ರ ಕೆಳಗೆ ಸಮಾನಾಂತರವಾಗಿ ಇಳಿಯುತ್ತಿದ್ದರೆ, ಓಟ ಇದೆಯೆಂದು ಊಹಿಸಿಕೊಂಡು ಮಾಡುವ ಯಾವ ವ್ಯವಹಾರವನ್ನೂ ಆ ಷೇರಿನಲ್ಲಿ ಮಾಡುವುದಿಲ್ಲ. ಇದರಲ್ಲಿ ಅವಕಾಶಗಳು ಕೈತಪ್ಪುತ್ತವೆ, ಏಕೆಂದರೆ ದೊಡ್ಡ ಓಟಗಳು ಹಲವು ಬಾರಿ ಇಂಥ ನಿಶ್ಚಲ ಪಟ್ಟಿಯಿಂದಲೇ ಹೊರಡುತ್ತವೆ.

ನೆಗೆತ ಬರುವ ದಿನವನ್ನು ಮೊದಲೇ ತಿಳಿಯಲು ಫಲಿತಾಂಶದ ದಿನದಂಥ ದೊಡ್ಡ ಏರಿಳಿತದಿಂದ ವಹಿವಾಟಿನ ದಿನಗಳನ್ನು ಎಣಿಸುತ್ತ ಬರಬೇಕು. ಶನಿವಾರ, ಭಾನುವಾರ, ಮಹಾರಾಷ್ಟ್ರ ದಿನ, ಗಣೇಶ ಚತುರ್ಥಿಯಂಥ ಮಾರುಕಟ್ಟೆಯ ರಜೆಗಳು ಲೆಕ್ಕಕ್ಕಿಲ್ಲ. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಮಾತ್ರ ಒಂದು ಗಂಟೆಯದೇ ಆದರೂ, ಹಲವು ಚಾರ್ಟುಗಳಲ್ಲಿ ಅದಕ್ಕೊಂದು ಪೂರ್ತಿ ಕ್ಯಾಂಡಲ್ ಬೀಳುತ್ತದೆ. ಹಾಗೆ ಬಿದ್ದರೆ 26ರಲ್ಲಿ ಅದೂ ಒಂದು.

ಆ್ಯಪ್ ಮೇಲೆ ಮತ್ತೆ ಅನುಮಾನ ಬಂದರೆ ಸ್ಪ್ರೆಡ್‌ಶೀಟಿನಲ್ಲಿ ನೀವೇ ಪರೀಕ್ಷಿಸಬಹುದು. ಮೊದಲ ಕಾಲಮ್ಮಿನಲ್ಲಿ ದಿನಾಂಕ, ಎರಡನೆಯದರಲ್ಲಿ ಗರಿಷ್ಠ ಬೆಲೆ, ಮೂರನೆಯದರಲ್ಲಿ ಕನಿಷ್ಠ ಬೆಲೆ ಇಟ್ಟು, ಹಳೆಯ ದಿನ ಮೇಲೆ, ಹೊಸ ದಿನ ಕೆಳಗೆ ಬರುವಂತೆ ಜೋಡಿಸಿ. ತಲೆಬರಹದ ಸಾಲನ್ನು ಬಿಟ್ಟು ಮೊದಲ 26 ದಿನಗಳು ಎರಡನೆಯ ಸಾಲಿನಿಂದ ಇಪ್ಪತ್ತೇಳನೆಯ ಸಾಲಿನವರೆಗೆ ಬರುತ್ತವೆ. ಇಪ್ಪತ್ತೇಳನೆಯ ಸಾಲಿನಲ್ಲಿ ಮೊದಲು ಅಪ್, ಅದರ ಪಕ್ಕದಲ್ಲಿ ಡೌನ್ ಸೂತ್ರವನ್ನು ಬರೆದು ಕೆಳಗೆ ಎಳೆಯಿರಿ.

```
=100*(MATCH(MAX(B2:B27),B2:B27,0)-1)/25
=100*(MATCH(MIN(C2:C27),C2:C27,0)-1)/25
```

ಇದು ಆ್ಯಪಿನೊಡನೆ ಹೊಂದಿಕೆಯಾಗದಿದ್ದರೆ ಗಾಬರಿಯಾಗಬೇಡಿ. ಕೆಲವು ಆ್ಯಪುಗಳು ಇಂದಿನ ದಿನವೂ ಸೇರಿ 25 ದಿನಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಅಂಥವುಗಳಲ್ಲಿ ಗೆರೆ ಸೊನ್ನೆ ಮುಟ್ಟುವುದೇ ಇಲ್ಲ, 4ಕ್ಕೆ ನಿಲ್ಲುತ್ತದೆ. ಹಳೆಯ ಬೆಲೆ ಹೊರಬೀಳುವುದೂ ಒಂದು ದಿನ ಮೊದಲೇ. ನಿಮ್ಮ ಷೇರಿನಲ್ಲಿ ಅಂಥ ಆ್ಯಪ್ ಮೂವತ್ತನೆಯ ದಿನವೇ 56 ತೋರಿಸುತ್ತಿತ್ತು. ಇಂಥ ಆ್ಯಪಿನಲ್ಲಿ ಮೇಲಿನ ಪರೀಕ್ಷೆಗೆ ಸೊನ್ನೆಯ ಬದಲು 4 ಎಂದು ಓದಿಕೊಳ್ಳಿ. ಒಂದೇ ಗರಿಷ್ಠ ಬೆಲೆ ಎರಡು ದಿನ ಬಂದಿದ್ದರೆ ನಾನು ಕೊಟ್ಟ ಸೂತ್ರ ಹಳೆಯ ದಿನವನ್ನು ಹಿಡಿಯುತ್ತದೆ. ಹೊಸ ದಿನವನ್ನು ಹಿಡಿಯುವ ಆ್ಯಪುಗಳೂ ಇವೆ, ಆಗಲೂ ಅಂಕಿಗಳು ಬೇರೆಯಾಗುತ್ತವೆ.

ಬೆಲೆಗಳ ಪಟ್ಟಿಯನ್ನು ವಿನಿಮಯ ಕೇಂದ್ರದ ದಿನವಾರು ಕಡತಗಳಿಂದ ಇಳಿಸಿಕೊಳ್ಳುವುದಾದರೆ ಆ ಅವಧಿಯಲ್ಲಿ ಬೋನಸ್ ಅಥವಾ ಮುಖಬೆಲೆಯ ವಿಭಜನೆ ಆಗಿದೆಯೇ ಎಂದು ಮೊದಲು ನೋಡಿ. ಆ ಕಡತಗಳಲ್ಲಿ ಹಳೆಯ ಬೆಲೆಗಳು ಅಂದು ಇದ್ದಂತೆಯೇ ಇರುತ್ತವೆ. ಒಂದಕ್ಕೊಂದು ಬೋನಸ್ ಬಂದ ಷೇರಿನ ಬೆಲೆ ಒಂದೇ ರಾತ್ರಿಯಲ್ಲಿ ಅರ್ಧವಾದಂತೆ ಕಾಣುವುದರಿಂದ ಆ ದಿನ ಡೌನ್ 100 ಆಗುತ್ತದೆ, ಅಪ್ ದಿನದಿನಕ್ಕೂ ನಾಲ್ಕು ಇಳಿಯುತ್ತ ಸೊನ್ನೆಗೆ ಹೋಗುತ್ತದೆ, ಮತ್ತು ಬೋನಸ್‌ಗೆ ಮೊದಲಿನ ಕೊನೆಯ ದಿನ ಚೌಕಟ್ಟಿನಿಂದ ಹೊರಬೀಳುವವರೆಗೂ ಹಳೆಯ ಬೆಲೆಗಳನ್ನೇ ಹಿಡಿದುಕೊಂಡಿದ್ದು, ಆಮೇಲೆ ಒಂದು ದಿನ ಕಾರಣವಿಲ್ಲದೆ ನೆಗೆಯುತ್ತದೆ. ಬೋನಸ್‌ಗೆ ಹಿಂದಿನ ಎಲ್ಲ ಗರಿಷ್ಠ, ಕನಿಷ್ಠ ಬೆಲೆಗಳನ್ನೂ ಎರಡರಿಂದ ಭಾಗಿಸಿಕೊಂಡ ಮೇಲೆಯೇ ಸೂತ್ರ ಹಾಕಬೇಕು.